ಅಮಾಸಿ ಹತ್ತಿರ ಬಂದಾಗ ಅತ್ತೆಯವರು ಕನಸಿಗೆ ಬರುವುದೇಕೆ?

ಪ್ರಶ್ನೆ: ನಮ್ಮ ಅತ್ತೆಯವರು ತೀರಿಕೊಂಡು ಮೂರು ವರ್ಷವಾಯಿತು. ಕೊನೆಯ ತಿಂಗಳುಗಳಲ್ಲಿ ಅವರಿಗೆ ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ನನ್ನ ಕನಸಿಗೆ ಬರುತ್ತಾರೆ. ಹೋದ ವರ್ಷ ಹಬ್ಬದ ದಿನ ಬೆಳಗಿನ ಜಾವ ಅಡುಗೆಮನೆ ಬಾಗಿಲಲ್ಲಿ ನಿಂತು, "ನನಗ ರೊಟ್ಟಿ ಹಾಕಲಿಲ್ಲೇನ ಯವ್ವಾ?" ಅಂದರು. "ಎಡಿ ಮುಟ್ಟಿಲ್ಲ, ಶಾಂತಿ ಮಾಡಿಸ್ರಿ" ಎಂದು ಒಬ್ಬರು ಹೇಳಿದರು. ರಾಣೆಬೆನ್ನೂರಿನಲ್ಲಿರುವ ನೆಗೆಣ್ಣಿಗೂ ಮರುದಿನ ಅವರೇ ಕನಸಿನಲ್ಲಿ ಬಂದರಂತೆ. ಹಾವೇರಿಯಲ್ಲಿ ನೌಕರಿ ಮಾಡುವ ನನ್ನ ಗಂಡನಿಗೆ, ಅಂದರೆ ಅವರ ಸ್ವಂತ ಮಗನಿಗೆ, ಒಮ್ಮೆಯೂ ಬಂದಿಲ್ಲ. ನನ್ನಿಂದ ಏನಾದರೂ ತಪ್ಪಾಗಿದೆಯೇ?
— ಓದುಗರೊಬ್ಬರು, ಬ್ಯಾಡಗಿ

ಉತ್ತರ: ತಪ್ಪಾಗಿಲ್ಲ. ಅದಕ್ಕೆ ನಿಮ್ಮ ಪತ್ರದಲ್ಲೇ ಆಧಾರವಿದೆ. ಕನಸು ಬಿದ್ದದ್ದು ಹಬ್ಬದ ದಿನ ಬೆಳಗಿನ ಜಾವ. ಆಗ ಇನ್ನೂ ಒಲೆ ಹೊತ್ತಿಸಿರಲಿಲ್ಲ, ಎಡೆ ಇಟ್ಟಿರಲಿಲ್ಲ. ಇಡದ ಎಡೆ ಮುಟ್ಟಲಿಲ್ಲ ಎಂದು ಯಾರೂ ದೂರುವಂತಿಲ್ಲ.

ನಿಮಗೇ ಏಕೆ ಕನಸು ಬರುತ್ತದೆ, ಮಗನಿಗೇಕೆ ಬರುವುದಿಲ್ಲ ಎಂಬುದನ್ನು ನೋಡೋಣ. ಹಿರಿಯರ ಪೂಜೆಗೆ ವಾರ ಮೊದಲೇ ಕೆಲಸ ಶುರುವಾಗುತ್ತದೆ. ಮನೆ ಸಾರಿಸುವುದು, ಫೋಟೋ ಇಳಿಸಿ ಒರೆಸುವುದು, ಹಿರಿಯರ ಮುಂದಿಡಲು ಹೊಸ ಸೀರೆ ತರುವುದು, ಟ್ರಂಕಿನಲ್ಲಿರುವ ಅವರ ಹಳೆಯ ಇಳಕಲ್ ಸೀರೆ ಬಿಸಿಲಿಗೆ ಹಾಕುವುದು, ಅವರಿಗೆ ಏನು ಸೇರುತ್ತಿತ್ತು ಎಂದು ನೆನಪಿಸಿಕೊಂಡು ಅಡುಗೆ ಗೊತ್ತುಮಾಡುವುದು. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಇದೆಲ್ಲ ಸೊಸೆಯ ಪಾಲು. ಮಗ ಬರುವುದು ಪೂಜೆಯ ಹೊತ್ತಿಗೆ. ಹಗಲು ಮನಸ್ಸು ಯಾವುದರಲ್ಲಿ ತೊಡಗಿರುತ್ತದೋ ಅದರ ತುಣುಕುಗಳು ರಾತ್ರಿ ಕನಸಿಗೆ ಬರುತ್ತವೆ. ಕೆಲವು ಸಂಗತಿಗಳು ಐದರಿಂದ ಏಳು ದಿನ ತಡೆದು ಬರುವುದನ್ನೂ ಕನಸಿನ ಸಂಶೋಧಕರು ಗಮನಿಸಿದ್ದಾರೆ. ಹೀಗಾಗಿ ಹಿಂದಿನ ವಾರ ಒರೆಸಿಟ್ಟ ಫೋಟೋ ಕೂಡ ಅಮಾಸಿಯ ರಾತ್ರಿ ಕನಸಿಗೆ ಒದಗಬಹುದು.

ಎರಡನೆಯ ಕಾರಣ ನೀವು ಎದ್ದ ಸಮಯ. ನಿದ್ದೆ ಸುಮಾರು ತೊಂಬತ್ತು ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನಲ್ಲೂ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಒಂದು ಘಟ್ಟವಿದೆ. ಕಣ್ಣಿಗೆ ಕಟ್ಟಿದಂಥ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ರಾತ್ರಿಯ ಮೊದಲ ಸುತ್ತುಗಳಲ್ಲಿ ಈ ಘಟ್ಟ ಕೆಲವೇ ನಿಮಿಷ ಇದ್ದು, ಬೆಳಗಾಗುತ್ತ ಉದ್ದವಾಗುತ್ತದೆ. ಹೂರಣ ರುಬ್ಬಬೇಕೆಂದು ನಾಲ್ಕಕ್ಕೇ ಎದ್ದವರು ಹೆಚ್ಚಾಗಿ ಕನಸಿನ ನಡುವಿನಿಂದಲೇ ಎದ್ದಿರುತ್ತಾರೆ, ಅದಕ್ಕೇ ಕನಸು ಪೂರ್ತಿ ನೆನಪಿರುತ್ತದೆ. ಏಳು ಗಂಟೆಯವರೆಗೆ ಮಲಗಿದ ಮಗನಿಗೂ ತಾಯಿ ಬಂದಿರಬಹುದು, ಆದರೆ ಅದು ನೆನಪಿನಲ್ಲಿ ಉಳಿದಿರಲಿಕ್ಕಿಲ್ಲ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿರುವುದಕ್ಕೂ ಇದು ಒಂದು ಕಾರಣವಿರಬೇಕು. ಹೆಚ್ಚು ಸ್ಪಷ್ಟವಾಗಿ ಬಿದ್ದು, ಹೆಚ್ಚು ನೆನಪಿನಲ್ಲಿ ಉಳಿಯುವುದು ಆ ಹೊತ್ತಿನ ಕನಸೇ.

ಇನ್ನು ಅವರು ರೊಟ್ಟಿಯನ್ನೇ ಏಕೆ ಕೇಳಿದರು? ಕೊನೆಯ ತಿಂಗಳುಗಳಲ್ಲಿ ಅವರಿಗೆ ಗಂಜಿಯಷ್ಟೇ ಇಳಿಯುತ್ತಿತ್ತು ಎಂದು ನೀವೇ ಬರೆದಿದ್ದೀರಿ. ಗಂಜಿ ಕುಡಿಸಿದವರು ಬಹುಶಃ ನೀವೇ. ಮನೆಯವರೆಲ್ಲ ರೊಟ್ಟಿ ತಿನ್ನುವಾಗ ಒಬ್ಬರಿಗೆ ಮಾತ್ರ ಹಾಕಲಾಗದೆ ಹೋದ ಸಂಕಟ ಮನಸ್ಸಿನಲ್ಲಿ ಹಾಗೇ ಕುಳಿತಿದೆ. ಅಮೆರಿಕದ ಮನಃಶಾಸ್ತ್ರಜ್ಞೆ ಡೀರ್ಡ್ರೆ ಬ್ಯಾರೆಟ್ 1992ರಲ್ಲಿ ಸತ್ತವರ ಕನಸುಗಳನ್ನು ಬಗೆಬಗೆಯಾಗಿ ವಿಂಗಡಿಸಿ ಬರೆದರು. ಸತ್ತವರು ಮತ್ತೆ ಬದುಕಿ ಬಂದಂತೆ ಕಾಣುವುದು, ಬುದ್ಧಿಮಾತು ಹೇಳುವುದು, ಬಿಟ್ಟುಹೋದ ವಿದಾಯವನ್ನು ಹೇಳಿ ಹೋಗುವುದು ಅವುಗಳಲ್ಲಿ ಮುಖ್ಯವಾದವು. ಅಮಾಸಿಯ ಪೂಜೆಯನ್ನು ಕಾಣದ ಜನರಲ್ಲೂ ಅಗಲಿದವರು ಹೀಗೆ ಬಂದು ಅರ್ಧಕ್ಕೆ ನಿಂತ ಮಾತನ್ನು ಮುಂದುವರಿಸುತ್ತಾರೆ. ನಿಮ್ಮಲ್ಲಿ ಅರ್ಧಕ್ಕೆ ನಿಂತದ್ದು ಊಟ ಬಡಿಸುವ ಕೆಲಸ.

ನೆಗೆಣ್ಣಿಯ ಕನಸಿನ ಬಗ್ಗೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅದು ಬಿದ್ದದ್ದು ನೀವು ಫೋನಿನಲ್ಲಿ ನಿಮ್ಮ ಕನಸು ಹೇಳುವ ಮೊದಲೋ, ಹೇಳಿದ ಮೇಲೋ? ಹೇಳಿದ ಮೇಲಾದರೆ ಆ ಮಾತೇ ಅವರ ರಾತ್ರಿಗೂ ಹೋಗಿದೆ. ಮೊದಲೇ ಬಿದ್ದಿದ್ದರೂ ಅಚ್ಚರಿಯಿಲ್ಲ, ಆ ವಾರ ಅವರ ಮನೆಯಲ್ಲೂ ಅದೇ ತಯಾರಿ ನಡೆದಿತ್ತು.

ಕುಟುಂಬಗಳು ಇಂಥ ಕನಸನ್ನು ಅರ್ಥಮಾಡಿಕೊಳ್ಳುವ ರೀತಿಯಲ್ಲಿ ಒಂದು ಕ್ರಮವಿದೆ. ಬಂದವರು ಏನು ಕೇಳಿದರು, ಹೇಗಿದ್ದರು ಎಂದು ಮೊದಲು ವಿಚಾರಿಸುತ್ತಾರೆ. ಅನ್ನ, ನೀರು, ಬಟ್ಟೆ ಕೇಳಿದರೆ ಅದನ್ನು ಎಡೆಯಲ್ಲಿಟ್ಟು ಆಮೇಲೆ ಯಾರಿಗಾದರೂ ಕೊಡುತ್ತಾರೆ. ನಗುನಗುತ್ತ ಬಂದರೆ ಹರಸಿ ಹೋದರು ಎನ್ನುತ್ತಾರೆ. "ಬಾ ಹೋಗೂಣು" ಎಂದು ಕರೆದರೆ ಮಾತ್ರ ಹೆದರುತ್ತಾರೆ. ಲಿಂಗಾಯತ ತತ್ವದ ಪ್ರಕಾರ ಲಿಂಗೈಕ್ಯರಾದವರಿಗೆ ಹಸಿವೂ ಇಲ್ಲ, ಪಿಂಡವೂ ಬೇಡ. ಆದರೂ ಅನೇಕ ಲಿಂಗಾಯತ ಮನೆಗಳಲ್ಲಿ ಹಿರಿಯರಿಗೆ ಎಡೆ ಹಿಡಿಯುತ್ತಾರೆ. ಮುಸ್ಲಿಂ ಮನೆಗಳಲ್ಲಿ ಇಂಥ ಕನಸು ಬಿದ್ದರೆ ಫಾತಿಹಾ ಓದಿಸಿ ಬಡವರಿಗೆ ಉಣಿಸುವವರಿದ್ದಾರೆ. ಒಳ್ಳೆಯ ಕನಸನ್ನು ಪ್ರೀತಿಪಾತ್ರರಿಗೆ ಹೇಳು, ಕೆಟ್ಟದ್ದನ್ನು ಯಾರಿಗೂ ಹೇಳಬೇಡ ಎಂಬ ಬೋಧೆಯೂ ಅವರಲ್ಲಿದೆ. ಶಾಸ್ತ್ರ ಬೇರೆ ಬೇರೆಯಾದರೂ ಕನಸಿನಲ್ಲಿ ಕೇಳಿದ್ದನ್ನು ಎಚ್ಚರದಲ್ಲಿ ಕೊಟ್ಟು ಮುಗಿಸುವ ರೀತಿ ಒಂದೇ.

ಈ ರೀತಿಯಲ್ಲಿ ವಿವೇಕವಿದೆ. ಪದೇಪದೇ ಕಾಡುವ ದುಃಸ್ವಪ್ನಕ್ಕೆ ಮನೋವೈದ್ಯರು ಹೇಳಿಕೊಡುವ ಒಂದು ವಿಧಾನವೂ ಇದನ್ನೇ ಹೋಲುತ್ತದೆ. ಎಚ್ಚರವಿದ್ದಾಗ ಕನಸನ್ನು ನೆನೆದು, ಅದಕ್ಕೆ ಬೇರೆ ಕೊನೆ ಬರೆದು, ದಿನವೂ ಹತ್ತಿಪ್ಪತ್ತು ನಿಮಿಷ ಆ ಹೊಸ ಕೊನೆಯನ್ನು ಮನಸ್ಸಿನಲ್ಲಿ ನಡೆಸಿ ನೋಡುವುದು. ನಿಮ್ಮ ಕನಸಿಗಾದರೆ ಕೊನೆ ಸುಲಭ: "ಕೂಡ್ರಿ ಅತ್ತಿ, ಹಾಕ್ತೀನಿ" ಎಂದು ರೊಟ್ಟಿ, ಎಣ್ಣೆಗಾಯಿ ಬಡಿಸಿಬಿಡಿ. ಕೇಡಾಗುವುದು ಕನಸನ್ನು ಅಡುಗೆ ಮಾಡಿದವಳ ಮೇಲಿನ ಆರೋಪವಾಗಿ ಓದಿದಾಗ. ಶಾಂತಿಗೆ ಸಾವಿರಾರು ರೂಪಾಯಿ ಖರ್ಚಾಗಿ ಮುಂದಿನ ವರ್ಷ ಮತ್ತೆ ಕನಸು ಬಿದ್ದರೆ, ಆ ಶಾಂತಿಯಲ್ಲೂ ನಿಮ್ಮದೇ ಲೋಪ ಹುಡುಕುತ್ತಾರೆ. ಅದಕ್ಕೆ ಒಪ್ಪಬೇಡಿ.

ಕನಸು ಯಾವಾಗ ತೊಂದರೆಯ ಲಕ್ಷಣ? ಸತ್ತವರು ನರಳುವುದೇ ಮತ್ತೆ ಮತ್ತೆ ಕಾಣುತ್ತಿದ್ದರೆ, ಮಲಗಲು ಭಯವಾಗುತ್ತಿದ್ದರೆ, ಸಾವಾಗಿ ಆರು ತಿಂಗಳು ದಾಟಿದರೂ ದುಃಖ ಇಡೀ ದಿನವನ್ನು ಆವರಿಸಿ ಕೆಲಸಕ್ಕೆ ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಸತ್ತವರ ಹಿಂದೆಯೇ ಹೋಗಬೇಕು ಎಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣವೇನೂ ಕಾಣಲಿಲ್ಲ.

ಕ್ಯಾಲೆಂಡರಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಅತ್ತೆಯವರು ಕನಸಿಗೆ ಬಂದಾಗಲೆಲ್ಲ ತಾರೀಖು, ಅವರು ಆಡಿದ ಮಾತು, ಆ ವಾರ ನೀವು ಮಾಡಿದ ಕೆಲಸ ಬರೆದಿಡಿ. ಶ್ರಾವಣದಲ್ಲೋ ಸಂಕ್ರಾಂತಿಗೋ ಅವರು ಬಂದ ದಿನಗಳೂ ಸಿಗಬಹುದು. ಹಬ್ಬದ ಹೊತ್ತಿನ ಕನಸು ಮಾತ್ರ ನೆನಪಿನಲ್ಲಿ ಉಳಿಯುವುದು ಅದನ್ನು ಕಟ್ಟಿಹಾಕಲು ಒಂದು ತಿಥಿ ಇರುವುದರಿಂದ. ಈ ಸಲ ಎಡೆಯಲ್ಲಿ ಹೋಳಿಗೆಯ ಜೊತೆ ಎರಡು ಜೋಳದ ರೊಟ್ಟಿ ಇಡಿ, ಅವರಿಗೆ ಸೇರುತ್ತಿತ್ತು ಎಂಬ ಕಾರಣಕ್ಕೆ. ಫೋಟೋ ಒರೆಸುವುದು, ಟ್ರಂಕಿನಿಂದ ಸೀರೆ ತೆಗೆಯುವುದು, ಬೆಳಗಿನ ಜಾವ ಎದ್ದು ಒಲೆ ಹೊತ್ತಿಸುವುದು ಮಾತ್ರ ಮಗನ ಪಾಲಿಗಿರಲಿ. ತಾಯಿ ಅವರ ಕನಸಿಗೂ ಬರಬಹುದು. ಬರದಿದ್ದರೂ ಆ ವಾರದ ಭಾರವನ್ನು ನೀವೊಬ್ಬರೇ ಹೊರಬೇಕಾಗುವುದಿಲ್ಲ.