ಬಿಲ್ಲಿನ ಕೆಳಗಿನ ಸಾಲುಗಳು: ಸೋದರಳಿಯನಿಗೆ ಕಿವಿಮಾತು

ಮೊದಲ ಸಂಬಳ ಬಂತು, ಗೆಳೆಯರಿಗೆ ಊಟ ಕೊಡಿಸ್ತೀನಿ ಮಾವ ಅಂದೆಯಲ್ಲ, ಕೊಡಿಸು. ದರ್ಶಿನಿಯಲ್ಲಿ ಟೋಕನ್ ತಗೊಂಡು ನಿಂತು ತಿನ್ನುವವರಿಗೆ ಬಿಲ್ಲಿನ ತಲೆನೋವಿಲ್ಲ. ನೀವು ಹೋಗುವ ಜಾಗದಲ್ಲಿ ಊಟದ ಮೊತ್ತದ ಕೆಳಗೆ ಇನ್ನೂ ಮೂರ್ನಾಲ್ಕು ಸಾಲು ಇರುತ್ತವೆ, ಒಂದೊಂದು ಕಡೆ ಒಂದೊಂದು ಕ್ರಮದಲ್ಲಿ.

• ಯಾವ ಸಾಲು ಯಾರದ್ದು ಅಂತ ಮೊದಲು ನೋಡು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಸರ್ಕಾರದ್ದು. ಸಾಮಾನ್ಯ ರೆಸ್ಟೋರೆಂಟಲ್ಲಿ ತಲಾ ಶೇ. 2.5, ಒಟ್ಟು ಶೇ. 5. ದುಬಾರಿ ಕೋಣೆಗಳಿರುವ ಸ್ಟಾರ್ ಹೋಟೆಲಿನೊಳಗಾದರೆ ಶೇ. 18 ಇರಬಹುದು. ಸರ್ವಿಸ್ ಚಾರ್ಜ್ ಮಾತ್ರ ಹೋಟೆಲಿನವರೇ ಹಾಕಿಕೊಳ್ಳುವುದು. 2017ರ ಜುಲೈಗೆ ಮುಂಚೆ ಸರ್ವಿಸ್ ಟ್ಯಾಕ್ಸ್ ಅಂತ ಇತ್ತು, ಅದು ಸರ್ಕಾರಕ್ಕೆ ಹೋಗುತ್ತಿತ್ತು. ಆ ಗುಂಗಿನಲ್ಲೇ ಇದನ್ನೂ ತೆರಿಗೆ ಅಂದುಕೊಂಡು ಕೊಟ್ಟು ಬರುವವರು ನನ್ನ ವಯಸ್ಸಿನವರಲ್ಲಿ ಬೇಕಾದಷ್ಟು ಜನ ಇದ್ದಾರೆ.

• ಈಗ ಕ್ರಮದ ಆಟ. ಊಟ 2,000 ರೂಪಾಯಿ, ಸರ್ವಿಸ್ ಚಾರ್ಜ್ ಶೇ. 10 ಅಂತ ಇಟ್ಟುಕೋ. ಸರ್ವಿಸ್ ಚಾರ್ಜ್ ಮೊದಲು ಹಾಕಿದರೆ ಅದು 200, ಆಮೇಲೆ 2,200ರ ಮೇಲೆ ಜಿಎಸ್‌ಟಿ 110, ಒಟ್ಟು 2,310. ಇನ್ನೊಂದು ಕಡೆ ಜಿಎಸ್‌ಟಿ ಮೊದಲು, ಅದು 100; ಆಮೇಲೆ 2,100ರ ಮೇಲೆ ಸರ್ವಿಸ್ ಚಾರ್ಜ್ 210; ಒಟ್ಟು ಅದೇ 2,310. ಕೊನೆಯ ಅಂಕಿ ಒಂದೇ ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲ ಬಿಲ್ಲಿನಲ್ಲಿ ಬಡಿಸಿದ್ದಕ್ಕೂ ನಿನ್ನಿಂದ ತೆರಿಗೆ ವಸೂಲಾಯಿತು. ಎರಡನೆಯದರಲ್ಲಿ ನೀನು ಸರ್ಕಾರಕ್ಕೆ ಕಟ್ಟುವ ತೆರಿಗೆಯ ಮೇಲೂ ಹೋಟೆಲಿನವರು ಶೇ. 10 ತಗೊಂಡರು. ಎರಡನೆಯದಕ್ಕೆ ನನಗೆ ಹೆಚ್ಚು ಸಿಟ್ಟು.

• ಮೊದಲ ಬಗೆಯ ಬಿಲ್ಲನ್ನು ಬಾಯಿಲೆಕ್ಕದಲ್ಲೇ ಹಿಡಿಯಬಹುದು. ಸಿಜಿಎಸ್‌ಟಿ ಸಾಲಿನ ಅಂಕಿಯನ್ನು 40ರಿಂದ ಗುಣಿಸು. 55 ಇದ್ದರೆ 2,200. ನೀವು ತಿಂದದ್ದು 2,000ಕ್ಕೆ ಅಂದರೆ ಮಿಕ್ಕ 200 ಎಲ್ಲಿಂದ ಬಂತು ಅಂತ ಮೇಲಿನ ಸಾಲುಗಳಲ್ಲಿ ಹುಡುಕು. ಶೇ. 5ರ ಬಿಲ್ಲಿಗೆ ಮಾತ್ರ ಈ ಲೆಕ್ಕ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದೂ ಬಿಲ್ಲಿನಲ್ಲಿದ್ದರೆ ಬರೀ ಊಟದ ಮೊತ್ತಕ್ಕೆ ಹೋಲಿಸಿ ನೋಡು.

• ಸರ್ವಿಸ್ ಚಾರ್ಜ್ ಬೇಡ ಅನ್ನುವುದಕ್ಕೆ ನಾಚಿಕೊಳ್ಳಬೇಡ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟೂ ವಸೂಲು ಮಾಡುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು; 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ 'ಸ್ಟಾಫ್ ವೆಲ್‌ಫೇರ್' ಅಂತ ಬರೆದಿದ್ದರೂ ಅದೇ ಮಾತು. ಮ್ಯಾನೇಜರನ್ನು ಕರೆದು ಮೆತ್ತಗೆ ಹೇಳು: "ಸರ್ವಿಸ್ ಚಾರ್ಜ್ ತೆಗೆದು ಹೊಸ ಬಿಲ್ ಕೊಡಿ." 'ಹೊಸ ಬಿಲ್' ಅನ್ನುವುದನ್ನು ಮರೆಯಬೇಡ. ಪೆನ್ನಿನಲ್ಲಿ 200 ಹೊಡೆದುಹಾಕಿ 2,110 ಕೊಡಿ ಅಂದರೆ ಅದರ ಮೇಲಿನ ಹತ್ತು ರೂಪಾಯಿ ತೆರಿಗೆ ನಿನ್ನ ತಲೆಯ ಮೇಲೆ ಉಳಿಯಿತು. ಸರಿಯಾದ ಮೊತ್ತ 2,100. ಒಪ್ಪದಿದ್ದರೆ ಅಲ್ಲಿ ಜಗಳಕ್ಕೆ ನಿಲ್ಲಬೇಡ; ಬಿಲ್ಲಿನ ಫೋಟೋ ತೆಗೆದುಕೊಂಡು 1915ಕ್ಕೆ ಫೋನ್ ಮಾಡು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

• ಟಿಪ್ಸು ಕೊನೆಗೆ, ಅದೂ ನಿನ್ನ ಮನಸ್ಸು. ಲೆಕ್ಕ ಹಾಕುವುದಾದರೆ ಊಟದ ಸಾಲಿನ ಮೇಲೆ ಹಾಕು, ಒಟ್ಟಿನ ಮೇಲಲ್ಲ. ತೆರಿಗೆಗೆ ಯಾರೂ ಬಡಿಸಿಲ್ಲವಲ್ಲ. ಸರ್ವಿಸ್ ಚಾರ್ಜ್ ಕೊಟ್ಟಾಗಿದ್ದರೆ ಟಿಪ್ಸು ಬೇಕಿಲ್ಲ. ನಾನಾದರೆ ಅದನ್ನು ತೆಗೆಸಿ, ಬಡಿಸಿದ ಹುಡುಗನ ಕೈಗೇ ನೂರು ರೂಪಾಯಿ ನೋಟು ಕೊಟ್ಟು ಬರುತ್ತೇನೆ. ಕಾರ್ಡಿನಲ್ಲಿ ಕೊಟ್ಟದ್ದು ಅವನಿಗೆ ಎಷ್ಟು ತಲುಪುತ್ತದೋ ನಮಗೆ ಕಾಣುವುದಿಲ್ಲ.

• ಚಿಕ್ಕ ಹೋಟೆಲಿನ ಬಿಲ್ಲಿನ ಮೇಲೆ 'ಬಿಲ್ ಆಫ್ ಸಪ್ಲೈ' ಅಂತಿದ್ದು, ಕಾಂಪೊಸಿಷನ್ ಯೋಜನೆಯಲ್ಲಿದ್ದೇವೆ ಅಂತ ಬರೆದಿದ್ದರೆ, ಅವರು ಜಿಎಸ್‌ಟಿಯನ್ನು ಬೇರೆ ಸಾಲಾಗಿ ವಸೂಲು ಮಾಡುವಂತಿಲ್ಲ.

• ಕಂಪನಿ ನಿನ್ನನ್ನು ಅಮೆರಿಕಕ್ಕೆ ಕಳಿಸಿದರೆ ಈ ಧೈರ್ಯ ಅಲ್ಲಿ ತೋರಿಸಬೇಡ. ಟಿಪ್ಸು ಪಡೆಯುವ ಕೆಲಸಗಾರರಿಗೆ ಅಲ್ಲಿನ ಕೇಂದ್ರ ಕಾನೂನಿನ ಕನಿಷ್ಠ ನೇರ ಕೂಲಿ ಗಂಟೆಗೆ 2.13 ಡಾಲರ್, ಎಷ್ಟೋ ರಾಜ್ಯಗಳಲ್ಲಿ ಟಿಪ್ಸೇ ಅವರ ಸಂಬಳ. ಶೇ. 15ರಿಂದ 20 ಕೊಡುವುದು ರೂಢಿ, ಅದೂ ತೆರಿಗೆಗೆ ಮುಂಚಿನ ಮೊತ್ತದ ಮೇಲೆ. ಆರೆಂಟು ಜನ ಒಟ್ಟಿಗೆ ಹೋದರೆ 'ಗ್ರಾಚುಯಿಟಿ' ಅಂತ ಅವರೇ ಶೇ. 18ರಷ್ಟು ಸೇರಿಸಿರಬಹುದು. ಅದರ ಕೆಳಗೆ ಟಿಪ್ ಅಂತ ಇನ್ನೊಂದು ಸಾಲು ಖಾಲಿ ಇರುತ್ತದೆ. ಮೇಲೆ ಸೇರಿಸಿದ್ದಾರೆಯೇ ನೋಡಿಕೊಳ್ಳದೆ ಅಲ್ಲಿ ಬರೆಯಬೇಡ.