ಹಳೇ ಗೋದಾಮಿನ ಖರ್ಚಿನ ಟಿಪ್ಪಣಿ ಬರೆಯುವ ಮುನ್ನ

ತಾರ್ನಾಕದ ಪಕ್ಕದ ನಾಚಾರಂ ಕೈಗಾರಿಕಾ ಪ್ರದೇಶದಂಥ ಕಡೆ ನಿಮ್ಮ ಹಳೇ ಗೋದಾಮಿದ್ದರೆ, ಹೊಸ ರ್ಯಾಕ್ ಮತ್ತು ಫೋರ್ಕ್‌ಲಿಫ್ಟ್‌ಗಳನ್ನು ಒಂದೇ ಟಿಪ್ಪಣಿಯಲ್ಲಿ ಕೇಳಿ. ರ್ಯಾಕ್ ಎತ್ತರವಾದಷ್ಟೂ ಫೋರ್ಕ್‌ಲಿಫ್ಟ್ ಅಲ್ಲಿಗೆ ಎತ್ತಬಲ್ಲ ತೂಕ ಕಡಿಮೆಯಾಗುತ್ತದೆ. ಆದ್ದರಿಂದ ಮೇಲಿನ ಹಂತದ ತೂಕವನ್ನು ಯಂತ್ರದ ಫಲಕದಲ್ಲಿ ನೋಡಿಕೊಳ್ಳಿ, ಮಾರಾಟಗಾರನ ಬಾಯಿಮಾತು ಸಾಲದು.

ಮೊದಲು ಈಗಿನ ಸ್ಥಿತಿಗೆ ಪುರಾವೆ ಬೇಕು. ಒಂದು ಮೀಟರ್ ನೇರ ಪಟ್ಟಿಯನ್ನು ರ್ಯಾಕ್‌ನ ಕಂಬಕ್ಕೆ ಹಿಡಿದು ನೋಡಿ. ಯುರೋಪಿನ ಇಎನ್ 15635 ಮಾನದಂಡದ ಪ್ರಕಾರ ತೊಲೆಯ ದಿಕ್ಕಿಗೆ 5 ಮಿ.ಮೀ., ಚೌಕಟ್ಟಿನ ದಿಕ್ಕಿಗೆ 3 ಮಿ.ಮೀ. ಬಾಗು ಮೀರಬಾರದು. ಫೋರ್ಕ್‌ನ ಬುಡ ಹತ್ತನೇ ಒಂದು ಭಾಗ ಸವೆದಿದ್ದರೆ ಅದನ್ನು ಬದಲಿಸಲೇಬೇಕು. ಇವುಗಳ ಫೋಟೋ ಲಗತ್ತಿಸಿ.

ಲೆಕ್ಕ ಹೀಗಿರಲಿ, ಅಂಕಿಗಳು ಬರೀ ಉದಾಹರಣೆ. ಒಟ್ಟು ಖರ್ಚು 32 ಲಕ್ಷ. ವರ್ಷಕ್ಕೆ ಹೊರಗಿನ ಗೋದಾಮಿನ ಬಾಡಿಗೆ 6 ಲಕ್ಷ, ರಿಪೇರಿ 3 ಲಕ್ಷ, ಮಾಲಿನ ಹಾನಿ 1 ಲಕ್ಷ ಉಳಿದರೆ ಒಟ್ಟು 10 ಲಕ್ಷ. ಹೊಸ ನಿರ್ವಹಣೆಗೆ 2 ಲಕ್ಷ ಕಳೆದರೆ 8 ಉಳಿದು, ಹಣ ನಾಲ್ಕು ವರ್ಷಕ್ಕೆ ಮರಳುತ್ತದೆ. ಬಾಡಿಗೆಯಲ್ಲಿ ಅರ್ಧವಷ್ಟೇ ಉಳಿದರೆ ಆರು ವರ್ಷ ದಾಟುತ್ತದೆ. ಇದನ್ನೂ ನೀವೇ ಬರೆಯಿರಿ. ಫೈನಾನ್ಸ್‌ನವರು ಹೇಗೂ ಕಂಡುಹಿಡಿಯುತ್ತಾರೆ! ಯಾರೂ ಕೆಲಸ ಬಿಡದಿದ್ದರೆ ‘ಕೂಲಿ ಉಳಿತಾಯ’ ಸೇರಿಸಬೇಡಿ.

ಮರೆತುಹೋಗುವುದು ನೆಲ. ಎತ್ತರದ ರ್ಯಾಕ್‌ನ ಭಾರವೆಲ್ಲ ಕಂಬದ ಸಣ್ಣ ಪಾದದ ಮೇಲೆ ಬೀಳುತ್ತದೆ. ಹಳೇ ಕಾಂಕ್ರೀಟ್ ಅದನ್ನು ತಡೆಯುತ್ತದೆಯೇ ಎಂದು ಎಂಜಿನಿಯರ್‌ರಿಂದ ಪರೀಕ್ಷೆ ಮಾಡಿಸಿ, ಆ ಖರ್ಚನ್ನೂ 32 ಲಕ್ಷದೊಳಗೇ ತೋರಿಸಿ.