ಪಾಠ 14: ಅಂಗಳಕ್ಕೆ ಎಷ್ಟು ಕಲ್ಲು, ಎಷ್ಟು ಮರಳು?

ಯಲಹಂಕದ ಒಂದು ಚಿಕ್ಕ ಮನೆ. ಮನೆಯ ಮುಂದೆ ಮಣ್ಣಿನ ಅಂಗಳ. ಮಳೆ ಬಂದರೆ ಕೆಸರು. ಆ ಮನೆಯ ಅಕ್ಕ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಲು ಹೊರಟರು. ಮೇಸ್ತ್ರಿ ಬಂದು ನೋಡಿದರು.

“ಅಕ್ಕಾ, 60 ಘನ ಅಡಿ ಮರಳು ತರಿಸಿಬಿಡಿ” ಅಂದರು.

“ಅಷ್ಟು ಯಾಕೆ ಮೇಸ್ತ್ರಿ? ಇರಿ, ಲೆಕ್ಕ ಹಾಕೋಣ” ಅಂದರು ಅಕ್ಕ. ಟೇಪು, ಪೆನ್ಸಿಲು ತಂದರು.

ಕಲ್ಲಿನ ಲೆಕ್ಕ

ಮನೆಯ ಗೋಡೆಯ ಉದ್ದಕ್ಕೆ ಅಂಗಳ 20 ಅಡಿ. ಗೋಡೆಯಿಂದ ಚರಂಡಿಯ ಕಡೆಗೆ 12 ಅಡಿ. ಎರಡು ತುದಿಯಲ್ಲೂ ಅಳೆದು ನೋಡಿದರು. ಅಳತೆ ಒಂದೇ ಬಂತು.

20 × 12 = 240 ಚದರ ಅಡಿ.

ಅವರು ಆರಿಸಿದ್ದು ಇಟ್ಟಿಗೆ ಆಕಾರದ ಕಲ್ಲು. ಸಂದಿಯೂ ಸೇರಿ ಒಂದು ಕಲ್ಲು 8 ಅಂಗುಲ ಉದ್ದ, 4 ಅಂಗುಲ ಅಗಲದ ಜಾಗ ಹಿಡಿಯುತ್ತದೆ. 2 ಅಡಿ ಉದ್ದ, 1 ಅಡಿ ಅಗಲದ ಜಾಗ ನೆಲದಲ್ಲಿ ಗೆರೆ ಹಾಕಿ. ಅದರಲ್ಲಿ ಸಾಲಿಗೆ 3 ಕಲ್ಲು, ಒಟ್ಟು 3 ಸಾಲು ಕೂರುತ್ತವೆ. ಅಂದರೆ 2 ಚದರ ಅಡಿಗೆ 9 ಕಲ್ಲು.

240 ಚದರ ಅಡಿಯಲ್ಲಿ ಇಂಥ ಜಾಗ 120.
120 × 9 = 1080 ಕಲ್ಲು.

ಬೇರೆ ಆಕಾರದ ಕಲ್ಲಾದರೆ ಈ ಲೆಕ್ಕ ನಡೆಯುವುದಿಲ್ಲ. ಹತ್ತಾರು ಕಲ್ಲು ಜೋಡಿಸಿ, ಎಣಿಸಿ ನೋಡಬೇಕು.

ಅಂಚಿನ ತುಂಡುಗಳು

ಇಟ್ಟಿಗೆ ಗೋಡೆ ಕಟ್ಟುವಾಗ ಸಂದಿಯ ಮೇಲೆ ಸಂದಿ ಬರಬಾರದು. ಇಲ್ಲೂ ಹಾಗೆಯೇ. ಒಂದು ಸಾಲು ಇಡೀ ಕಲ್ಲಿನಿಂದ ಶುರು. ಮುಂದಿನ ಸಾಲು ಅರ್ಧ ಕಲ್ಲಿನಿಂದ ಶುರು, ಅರ್ಧ ಕಲ್ಲಿನಿಂದಲೇ ಮುಕ್ತಾಯ.

ಈ ಅಂಗಳದಲ್ಲಿ 36 ಸಾಲು. ಅದರಲ್ಲಿ 18 ಸಾಲಿಗೆ ತಲಾ 2 ಅರ್ಧ ತುಂಡು ಬೇಕು. ಒಂದು ಕಲ್ಲು ಕತ್ತರಿಸಿದರೆ 2 ಅರ್ಧ ಸಿಗುತ್ತದೆ. ಆದ್ದರಿಂದ 18 ಕಲ್ಲು ಕತ್ತರಿಸಬೇಕು. ಇವು 1080ರ ಒಳಗೇ ಇವೆ. ಆದರೆ ಕತ್ತರಿಸುವಾಗ, ಇಳಿಸುವಾಗ ಕೆಲವು ಒಡೆಯುತ್ತವೆ. ಅದಕ್ಕೆ ನೂರಕ್ಕೆ 5ರಂತೆ 54 ಹೆಚ್ಚಿಗೆ ಹಿಡಿಯಿರಿ.

1080 + 54 = 1134 ಕಲ್ಲು.

ಗೋಡೆ ಸೊಟ್ಟಗಿದ್ದರೆ ಇನ್ನೂ ಹೆಚ್ಚು ಬೇಕು. ಅಂಚಿಗೆ ಎರಡು ಬೆರಳಗಲದ ಸಣ್ಣ ಚೂರು ತುಂಬಬೇಡಿ. ಅದು ಬೇಗ ಎದ್ದು ಬರುತ್ತದೆ.

ಇಳಿಜಾರು

ಮಳೆನೀರು ಮನೆಯಿಂದ ದೂರ ಹರಿಯಬೇಕು. 1 ಅಡಿಗೆ ಕಾಲು ಅಂಗುಲ ಇಳಿಜಾರು ಕೊಟ್ಟರೆ ಸಾಕು. 12 ಅಡಿಗೆ 3 ಅಂಗುಲ.

ನೀರು ತುಂಬಿದ ಲೆವೆಲ್ ಟ್ಯೂಬಿನ ಒಂದು ತುದಿ ಗೋಡೆಯ ಹತ್ತಿರ, ಇನ್ನೊಂದು ಚರಂಡಿಯ ಹತ್ತಿರ ಹಿಡಿಯಿರಿ. ನೀರು ನಿಂತ ಮಟ್ಟಕ್ಕೆ ಎರಡೂ ಕಡೆ ಗುರುತು ಹಾಕಿ. ಚರಂಡಿಯ ಕಡೆ ಗುರುತಿನಿಂದ 3 ಅಂಗುಲ ಕೆಳಗೆ ಇಳಿದು ದಾರ ಕಟ್ಟಿ. ದಾರದ ಓಟವೇ ಇಳಿಜಾರು.

ಮರಳಿನ ಲೆಕ್ಕ

ಕಲ್ಲಿನ ಕೆಳಗೆ ಮರಳು ಎಲ್ಲಾ ಕಡೆ ಒಂದೇ ದಪ್ಪ ಇರಬೇಕು. ಹರಡುವಾಗ ಒಂದೂವರೆ ಅಂಗುಲ. 12 ಅಂಗುಲಕ್ಕೆ 1 ಅಡಿ. ಒಂದೂವರೆ ಅಂಗುಲ ಅಂದರೆ ಅಡಿಯ ಎಂಟನೇ ಒಂದು ಭಾಗ.

240 ÷ 8 = 30 ಘನ ಅಡಿ.

ಒದ್ದೆ ಮರಳು ಉಬ್ಬಿರುತ್ತದೆ, ಒಣಗಿದಾಗ ಕಡಿಮೆಯಾಗುತ್ತದೆ. ಸ್ವಲ್ಪ ಚೆಲ್ಲಿಯೂ ಹೋಗುತ್ತದೆ. ಅದಕ್ಕೆ 6 ಸೇರಿಸಿ. ಒಟ್ಟು 36 ಘನ ಅಡಿ. ಒರಟಾದ ಎಂ-ಸ್ಯಾಂಡ್ ಇರಲಿ. ಸಂದಿ ತುಂಬಲು ಸಣ್ಣ ಮರಳು ಬೇರೆ ಬೇಕು.

“ಹಾಗಾದರೆ 60 ಹೇಗೆ ಬಂತು ಮೇಸ್ತ್ರಿ?”

“ನೆಲ ಮಟ್ಟವಾಗಿದೆ ಅಕ್ಕಾ. ಇಳಿಜಾರನ್ನ ಮರಳಲ್ಲೇ ಕೊಡೋಣ ಅಂತಿದ್ದೆ. ಚರಂಡಿ ಹತ್ರ ಒಂದೂವರೆ ಅಂಗುಲ, ಗೋಡೆ ಹತ್ರ ನಾಲ್ಕೂವರೆ. ಸರಾಸರಿ 3 ಅಂಗುಲ.”

ತಪ್ಪು ಇರುವುದು ಇಲ್ಲೇ. ದಪ್ಪ ಮರಳು ಹೆಚ್ಚು ಕುಸಿಯುತ್ತದೆ. ಗೋಡೆಯ ಹತ್ತಿರ ಮರಳು ದಪ್ಪ, ಆದ್ದರಿಂದ ಅಲ್ಲೇ ಕಲ್ಲು ಹೆಚ್ಚು ಇಳಿಯುತ್ತದೆ. ಕೊಟ್ಟ ಇಳಿಜಾರು ಹೋಗುತ್ತದೆ. ನೀರು ಮನೆಯ ಪಾಯದ ಪಕ್ಕ ನಿಲ್ಲುತ್ತದೆ.

ಮೇಸ್ತ್ರಿ ಒಪ್ಪಿದರು. ಮೊದಲು ಜಲ್ಲಿ ಮತ್ತು ಜಲ್ಲಿಪುಡಿ ಹಾಕಿ ದಮ್ಮಸ್ಸು ಮಾಡಿ, ಆ ತಳಕ್ಕೇ ಇಳಿಜಾರು ಕೊಟ್ಟರು. ಚರಂಡಿಯ ಕಡೆ ಕಲ್ಲು ಜಾರದಂತೆ ಕಾಂಕ್ರೀಟು ಅಂಚು ಕಟ್ಟಿದರು. ಆಮೇಲೆ ಮರಳು, ಅದರ ಮೇಲೆ ಕಲ್ಲು. ಕೊನೆಗೆ ಒಂದು ಬಕೆಟ್ ನೀರು ಗೋಡೆಯ ಬುಡದಲ್ಲಿ ಸುರಿದರು. ನೀರು ಎಲ್ಲೂ ನಿಲ್ಲದೆ ಚರಂಡಿಗೆ ಹೋಯಿತು.

ನೆನಪಿರಲಿ: ರಸ್ತೆ ಅಂಗಳಕ್ಕಿಂತ ಎತ್ತರವಿದ್ದರೆ ಈ ಇಳಿಜಾರು ಸಾಲದು. ಮೊದಲು ಚರಂಡಿಯ ಮಟ್ಟ ನೋಡಿ.

ನೀವೇ ಲೆಕ್ಕ ಮಾಡಿ

ಅಂಗಳದ ಉದ್ದ 16 ಅಡಿ, ಚರಂಡಿಯ ಕಡೆಗೆ 10 ಅಡಿ.
1. ಎಷ್ಟು ಕಲ್ಲು ಬೇಕು? ಒಡೆಯುವುದಕ್ಕೆ ಎಷ್ಟು ಸೇರಿಸಬೇಕು?
2. ಮರಳು ಎಷ್ಟು ಘನ ಅಡಿ? ಅದಕ್ಕೆ ಐದನೇ ಒಂದು ಭಾಗ ಸೇರಿಸಿ.
3. ಇಳಿಜಾರು ಎಷ್ಟು ಅಂಗುಲ?

ಉತ್ತರ: 1) 720 + 36 = 756. 2) 20 + 4 = 24. 3) ಎರಡೂವರೆ ಅಂಗುಲ.